ರಾಜನ ಮಗ ದೊಡ್ಡವನೋ, ರಾಜನೇ ದೊಡ್ಡವನೋ? ಹೀಬ್ರೂ ಜೋಡಿಪದದ ನಂತರ ಬರುವ ವಿಶೇಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲಿನ ಹೀಬ್ರೂ ಕಲಿಯಲು ಶುರು ಮಾಡಿದವರು ಕೆಲವೇ ವಾರಗಳಲ್ಲಿ ಈ ಗಂಟಿಗೆ ಬಂದು ಸಿಕ್ಕಿಕೊಳ್ಳುತ್ತಾರೆ. ಎರಡು ನಾಮಪದ ಜೊತೆಗೂಡಿ ಬರುತ್ತವೆ, ಅವುಗಳ ಹಿಂದೆ ಒಂದು ವಿಶೇಷಣ ಬರುತ್ತದೆ. ಅದು ಯಾರದು? ಕಲಿಯುವವರು ಕೇಳುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಉದಾಹರಣೆಗಳು ಹೀಬ್ರೂ ಬೈಬಲಿನವು. ಕೊನೆಯ ಹೊತ್ತಿಗೆ ಅರಬ್ಬಿಯದೂ ಸ್ವಲ್ಪ ಬರುತ್ತದೆ.

ಜೋಡಿಪದ ಅಂದರೆ ಇಲ್ಲಿ ಏನು?

ಕನ್ನಡದಲ್ಲಿ ‘ರಾಜನ ಮಾತು’ ಎನ್ನುವಾಗ ನಾವು ‘ರಾಜ’ ಎಂಬ ಪದಕ್ಕೆ ಷಷ್ಠಿ ವಿಭಕ್ತಿ ಹಚ್ಚುತ್ತೇವೆ. ‘ಮಾತು’ ಹಾಗೇ ಉಳಿಯುತ್ತದೆ. ಹೀಬ್ರೂ ಇದರ ತಿರುವುಮುರುವು. ಅಲ್ಲಿ ‘ಮಾತು’ ಮೊದಲು ಬರುತ್ತದೆ, ‘ರಾಜ’ ಆಮೇಲೆ. ಬದಲಾಗುವ ಪದವೂ ಮೊದಲನೆಯದೇ. ‘ದಾಬಾರ್’ ಎಂದರೆ ಮಾತು, ‘ಮೆಲೆಖ್’ ಎಂದರೆ ರಾಜ, ‘ಹ’ ಎಂಬುದು ‘ಆ’ ಎಂಬ ಗೊತ್ತುಪಡಿಸುವ ಅಕ್ಷರ. ಇವು ಸೇರಿದಾಗ ‘ದೆಬರ್ ಹಮ್ಮೆಲೆಖ್’ ಆಗುತ್ತದೆ: ರಾಜನ ಮಾತು. ‘ದಾಬಾರ್’ ಕುಗ್ಗಿ ‘ದೆಬರ್’ ಆಗಿರುವುದನ್ನು ನೋಡಿ. ಮುಂದಿನ ಪದಕ್ಕೆ ಒರಗಿಕೊಂಡಿರುವ ಈ ರೂಪವೇ ಜೋಡಿಯ ಗುರುತು. ಹೀಬ್ರೂ ವ್ಯಾಕರಣದಲ್ಲಿ ಇದಕ್ಕೆ ‘ಸ್ಮಿಖೂತ್’ ಎನ್ನುತ್ತಾರೆ.

ವಿಶೇಷಣವನ್ನು ಅದರ ಪದದ ಪಕ್ಕದಲ್ಲೇ ಇಟ್ಟುಬಿಟ್ಟರೆ ಗೊಂದಲವೇ ಇರುವುದಿಲ್ಲ, ಅಲ್ವಾ?

ಕನ್ನಡದಲ್ಲಿ ನಾವು ಹಾಗೇ ಮಾಡುತ್ತೇವೆ. ‘ಹಳೇ ಮೈಸೂರಿನ ಮನೆ’ ಎಂದರೆ ಹಳೇ ಮೈಸೂರು ಸೀಮೆಯ ಮನೆಯೋ, ಮೈಸೂರಿನಲ್ಲಿರುವ ಹಳೇ ಮನೆಯೋ ತಿಳಿಯುವುದಿಲ್ಲ. ಮನೆ ಹಳೆಯದು ಎನ್ನಬೇಕಿದ್ದರೆ ‘ಮೈಸೂರಿನ ಹಳೇ ಮನೆ’ ಎಂದು ವಿಶೇಷಣವನ್ನು ನಡುವೆ ತಂದುಬಿಟ್ಟರಾಯಿತು. ಅಂದರೆ ಈ ಗೊಂದಲ ಕನ್ನಡದಲ್ಲೂ ಇದೆ, ಆದರೆ ನಮಗೆ ತಪ್ಪಿಸಿಕೊಳ್ಳುವ ದಾರಿಯೂ ಇದೆ.

ಹೀಬ್ರೂವಿನಲ್ಲಿ ಆ ದಾರಿ ಮುಚ್ಚಿದೆ. ಜೋಡಿಯ ಎರಡು ಪದಗಳು ಅಂಟಿಕೊಂಡೇ ಇರಬೇಕು. ನಡುವೆ ವಿಶೇಷಣ ನುಗ್ಗಿದರೆ ಜೋಡಿ ಒಡೆದುಹೋಗುತ್ತದೆ. ಹಾಗಾಗಿ ವಿಶೇಷಣ ಮೊದಲ ಪದದ್ದಾದರೂ ಎರಡನೆಯದರದ್ದಾದರೂ ಅದಕ್ಕಿರುವ ಜಾಗ ಒಂದೇ: ಇಡೀ ಜೋಡಿಯ ಕೊನೆ. ನಿಂತ ಜಾಗ ನೋಡಿ ಅದು ಯಾರದೆಂದು ಹೇಳಲು ಆಗುವುದಿಲ್ಲ. ಬೇರೆ ಸುಳಿವು ಹುಡುಕಬೇಕು.

ಮೊದಲು ಯಾವ ಸುಳಿವು ನೋಡಬೇಕು?

ಲಿಂಗ ಮತ್ತು ವಚನ. ಹೀಬ್ರೂ ವಿಶೇಷಣ ತಾನು ಬಣ್ಣಿಸುವ ನಾಮಪದದ ಲಿಂಗ, ವಚನ ಎರಡನ್ನೂ ಅನುಸರಿಸುತ್ತದೆ. ‘ದೊಡ್ಡ’ ಎಂಬುದಕ್ಕೆ ನಾಲ್ಕು ರೂಪಗಳಿವೆ: ಪುಲ್ಲಿಂಗ ಏಕವಚನಕ್ಕೆ ‘ಗಾದೋಲ್’, ಸ್ತ್ರೀಲಿಂಗ ಏಕವಚನಕ್ಕೆ ‘ಗೆದೋಲಾ’, ಪುಲ್ಲಿಂಗ ಬಹುವಚನಕ್ಕೆ ‘ಗೆದೋಲೀಮ್’, ಸ್ತ್ರೀಲಿಂಗ ಬಹುವಚನಕ್ಕೆ ‘ಗೆದೋಲೋತ್’. ಜೋಡಿಯ ಎರಡು ಪದಗಳ ಲಿಂಗವೋ ವಚನವೋ ಬೇರೆಬೇರೆ ಆಗಿದ್ದರೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಎಸ್ತೇರ 8:15 ನೋಡಿ. ಮೊರ್ದೆಕೈ ಅರಮನೆಯಿಂದ ಹೊರಗೆ ಬರುವಾಗ ಅವನ ತಲೆಯ ಮೇಲೆ ‘ಅಟೆರೆತ್ ಜಾಹಾಬ್ ಗೆದೋಲಾ’ ಇತ್ತು. ‘ಅಟಾರಾ’ ಎಂದರೆ ಕಿರೀಟ, ಅದು ಸ್ತ್ರೀಲಿಂಗ. ‘ಜಾಹಾಬ್’ ಎಂದರೆ ಚಿನ್ನ, ಅದು ಪುಲ್ಲಿಂಗ. ‘ಗೆದೋಲಾ’ ಸ್ತ್ರೀಲಿಂಗ. ಹಾಗಾಗಿ ದೊಡ್ಡದು ಕಿರೀಟ: ಚಿನ್ನದ ದೊಡ್ಡ ಕಿರೀಟ. ವಿಶೇಷಣ ಚಿನ್ನದ ಪಕ್ಕದಲ್ಲೇ ನಿಂತಿದ್ದರೂ ಅದರ ನಂಟು ಒಂದು ಪದ ಹಿಂದಕ್ಕೆ.

ವಚನ ಕೂಡ ಇದೇ ಕೆಲಸ ಮಾಡುತ್ತದೆ. 1 ಸಮುವೇಲ 17:13ರಲ್ಲಿ ಇಷಯನ ಮೂವರು ಮಕ್ಕಳು ಸೌಲನ ಜೊತೆ ಯುದ್ಧಕ್ಕೆ ಹೋಗುತ್ತಾರೆ: ‘ಶೆಲೋಶೆತ್ ಬೆನೇ ಯಿಶಾಯ್ ಹಗ್ಗೆದೋಲೀಮ್’. ಇಷಯ ಒಬ್ಬ, ‘ಗೆದೋಲೀಮ್’ ಬಹುವಚನ. ಹಿರಿಯರು ಎಂದದ್ದು ಮಕ್ಕಳನ್ನೇ. ಇಲ್ಲಿ ಜೋಡಿಯಲ್ಲ, ಮೂರು ಪದಗಳ ಸರಪಳಿಯೇ ಇದೆ. ಆದರೂ ವಿಧಾನ ಬದಲಾಗುವುದಿಲ್ಲ.

ಪದದ ಕೊನೆ ನೋಡಿ ಲಿಂಗ ಹೇಳಬಹುದಾ?

ಬೇಡ. ಹೊಸಬರು ಜಾಸ್ತಿ ಎಡವುವುದು ಇಲ್ಲಿಯೇ. ‘ಈಮ್’ ಎಂದು ಕೊನೆಯಾದರೆ ಪುಲ್ಲಿಂಗ, ‘ಓತ್’ ಎಂದು ಕೊನೆಯಾದರೆ ಸ್ತ್ರೀಲಿಂಗ ಎಂದು ಬಾಯಿಪಾಠ ಮಾಡಿಸಿರುತ್ತಾರೆ. ವಿಶೇಷಣಗಳ ಮಟ್ಟಿಗೆ ಅದು ಸರಿ. ನಾಮಪದಗಳು ಆ ಮಾತು ಕೇಳುವುದಿಲ್ಲ. ‘ನಾಶೀಮ್’ ಎಂದರೆ ಹೆಂಗಸರು. ‘ಆಬೋತ್’ ಎಂದರೆ ತಂದೆಗಳು. ‘ಈರ್’ ಎಂದರೆ ಪಟ್ಟಣ, ಸ್ತ್ರೀಲಿಂಗ, ಆದರೆ ಅದರ ಬಹುವಚನ ‘ಆರೀಮ್’. ಧರ್ಮೋಪದೇಶಕಾಂಡ 6:10ರಲ್ಲಿ ‘ಆರೀಮ್ ಗೆದೋಲೋತ್’, ದೊಡ್ಡ ಪಟ್ಟಣಗಳು ಎಂದಿದೆ. ನಾಮಪದದ ವೇಷ ಪುಲ್ಲಿಂಗದ್ದು, ವಿಶೇಷಣ ಅದರ ನಿಜವಾದ ಲಿಂಗವನ್ನು ತೋರಿಸುತ್ತಿದೆ. ನಿಘಂಟಿನಲ್ಲಿ ಲಿಂಗ ನೋಡಿಕೊಂಡೇ ಮುಂದೆ ಹೋಗಿ.

ವಚನಕ್ಕೂ ಇಂಥದೇ ಎಚ್ಚರಿಕೆ ಬೇಕು. ಧರ್ಮೋಪದೇಶಕಾಂಡ 5:26ರಲ್ಲಿ (ಕೆಲವು ಹೀಬ್ರೂ ಪ್ರತಿಗಳಲ್ಲಿ ಇದು 5:23) ‘ಕೋಲ್ ಎಲೋಹೀಮ್ ಹಯ್ಯೀಮ್’ ಎಂದಿದೆ. ‘ಕೋಲ್’ ಎಂದರೆ ಧ್ವನಿ, ಏಕವಚನ. ‘ಹಯ್ಯೀಮ್’ ಎಂದರೆ ಜೀವವುಳ್ಳ, ಬಹುವಚನ. ಆದ್ದರಿಂದ ಅದು ಧ್ವನಿಗೆ ಸೇರದು, ‘ಎಲೋಹೀಮ್’ಗೆ ಸೇರಬೇಕು: ಜೀವವುಳ್ಳ ದೇವರ ಧ್ವನಿ. ದೇವರು ಒಬ್ಬನೇ ಆಗಿದ್ದರೂ ‘ಎಲೋಹೀಮ್’ ರೂಪದಲ್ಲಿ ಬಹುವಚನ. ಇಲ್ಲಿ ವಿಶೇಷಣ ಆ ರೂಪವನ್ನು ಅನುಸರಿಸಿದೆ. ಆದರೆ 2 ಅರಸುಗಳು 19:4ರಲ್ಲಿ ಅದೇ ದೇವರಿಗೆ ‘ಎಲೋಹೀಮ್ ಹಯ್’ ಎಂದು ಏಕವಚನ ಬಳಸಿದ್ದಾರೆ. ‘ಅಮ್’, ಅಂದರೆ ಜನ, ಇದಕ್ಕೆ ತಿರುಗುಮುರುಗು: ರೂಪ ಏಕವಚನ, ಕೆಲವೊಮ್ಮೆ ಹಿಂದೆ ಬರುವ ಪದ ಬಹುವಚನ. ಇಂಥ ಪದಗಳು ಜೋಡಿಯಲ್ಲಿದ್ದರೆ ವಚನ ಒಂದನ್ನೇ ನಂಬಿ ತೀರ್ಪು ಕೊಡಬೇಡಿ.

ವಿಶೇಷಣದ ಮುಂದಿರುವ ‘ಹ’ ಏನಾದರೂ ಹೇಳುತ್ತದಾ?

ಯಾವ ನಾಮಪದ ಎಂಬುದನ್ನು ಅದು ಹೇಳುವುದಿಲ್ಲ. ಜೋಡಿಯಲ್ಲಿ ಮೊದಲ ಪದಕ್ಕೆ ‘ಹ’ ಹಚ್ಚುವಂತಿಲ್ಲ. ಕೊನೆಯ ಪದಕ್ಕೆ ‘ಹ’ ಇದ್ದರೆ ಅಥವಾ ಅದು ಒಬ್ಬರ ಹೆಸರಾಗಿದ್ದರೆ ಇಡೀ ಜೋಡಿಯೇ ಗೊತ್ತುಪಟ್ಟದ್ದಾಗುತ್ತದೆ. ಆಗ ವಿಶೇಷಣ ಯಾರದಾದರೂ ಅದಕ್ಕೆ ‘ಹ’ ಬಂದೇ ಬರುತ್ತದೆ. ಎರಡು ಓದುಗಳಲ್ಲೂ ಒಂದೇ ರೂಪ ಇರುವುದರಿಂದ ಸುಳಿವು ಸಿಗುವುದಿಲ್ಲ.

ಅದರಿಂದ ಬೇರೊಂದು ಉಪಯೋಗವಿದೆ. ಗೊತ್ತುಪಟ್ಟ ಜೋಡಿಯ ಹಿಂದೆ ‘ಹ’ ಇಲ್ಲದ ವಿಶೇಷಣ ಬಂದರೆ ಸಾಮಾನ್ಯವಾಗಿ ಅದು ಬಣ್ಣಿಸುವ ಪದವಲ್ಲ, ವಾಕ್ಯದ ಹೇಳಿಕೆ. ‘ದೆಬರ್ ಹಮ್ಮೆಲೆಖ್ ಹಟ್ಟೋಬ್’ ಎಂದರೆ ‘ರಾಜನ ಒಳ್ಳೆಯ ಮಾತು’ ಅಥವಾ ‘ಒಳ್ಳೆಯ ರಾಜನ ಮಾತು’. ‘ದೆಬರ್ ಹಮ್ಮೆಲೆಖ್ ಟೋಬ್’ ಎಂದರೆ ‘ರಾಜನ ಮಾತು ಒಳ್ಳೆಯದು’. ಈ ವ್ಯತ್ಯಾಸ ಮೊದಲು ಇತ್ಯರ್ಥ ಮಾಡಿಕೊಂಡು, ಆಮೇಲೆ ಯಾರ ವಿಶೇಷಣ ಎಂದು ಕೇಳಿ.

ಎರಡೂ ಪುಲ್ಲಿಂಗ, ಎರಡೂ ಏಕವಚನ. ಆಗ?

ಆಗ ವ್ಯಾಕರಣ ಕೈಬಿಡುತ್ತದೆ, ಸಂದರ್ಭ ನೋಡಬೇಕು. ಸಂದರ್ಭ ಎಂದರೆ ಸುಮ್ನೆ ‘ಅರ್ಥ ಸರಿಹೋಗುತ್ತಾ’ ಎಂದು ಊಹಿಸುವುದಲ್ಲ. ಹುಡುಕಬಹುದಾದ ಗಟ್ಟಿ ವಿಷಯಗಳಿರುತ್ತವೆ.

2 ಅರಸುಗಳು 18:28 ತೆಗೆದುಕೊಳ್ಳಿ. ಅಶ್ಶೂರದ ಅಧಿಕಾರಿ ರಬ್ಷಾಕೆ ಜೆರುಸಲೇಮಿನ ಗೋಡೆಯ ಹೊರಗೆ ನಿಂತು, ಒಳಗಿನವರಿಗೆ ಕೇಳುವಂತೆ ಕೂಗುತ್ತಾನೆ: ‘ದೆಬರ್ ಹಮ್ಮೆಲೆಖ್ ಹಗ್ಗಾದೋಲ್, ಮೆಲೆಖ್ ಅಶ್ಶೂರ್’ ಕೇಳಿರಿ. ಮಾತು ಪುಲ್ಲಿಂಗ ಏಕವಚನ, ರಾಜನೂ ಹಾಗೇ. ‘ರಾಜನ ದೊಡ್ಡ ಮಾತು’ ಎನ್ನಲು ವ್ಯಾಕರಣದ ಅಡ್ಡಿಯಿಲ್ಲ.

ಆದರೆ ಮುಂದಿನ ಪದಗಳನ್ನು ನೋಡಿ. ‘ಅಶ್ಶೂರದ ರಾಜ’ ಎಂಬುದು ರಾಜನನ್ನೇ ಮತ್ತೆ ಹೆಸರಿಸುತ್ತದೆ. ಅಂದರೆ ಮಾತಾಡುವವನ ಗಮನ ರಾಜನ ಮೇಲಿದೆ. ಎರಡನೆಯದು, ‘ಮಹಾರಾಜ’ ಎಂಬುದು ಅಶ್ಶೂರದ ಅರಸರ ಬಿರುದು. ಅವರ ಶಾಸನಗಳಲ್ಲಿ ‘ಶರ್ರು ರಬೂ’ ಎಂದು ಅದೇ ಅರ್ಥದಲ್ಲಿ ಬರುತ್ತದೆ. ರಬ್ಷಾಕೆ ತನ್ನ ಒಡೆಯನ ಬಿರುದನ್ನೇ ಹೀಬ್ರೂವಿನಲ್ಲಿ ಸಾರುತ್ತಿದ್ದಾನೆ.

ಇಷ್ಟರ ಮೇಲೆ ಇನ್ನೊಂದು ಸಾಕ್ಷಿ ಇದೆ, ನನಗೆ ತುಂಬ ಇಷ್ಟವಾದದ್ದು ಅದೇ. ಇದೇ ಪ್ರಸಂಗ ಯೆಶಾಯನ ಪುಸ್ತಕದಲ್ಲೂ ಇದೆ. ಅಲ್ಲಿ, 36:13ರಲ್ಲಿ, ‘ದೆಬರ್’ ಬದಲು ‘ದಿಬ್ರೇ’ ಎಂದಿದೆ, ಮಾತುಗಳು ಎಂದು ಬಹುವಚನ. ವಿಶೇಷಣ ಮಾತ್ರ ‘ಹಗ್ಗಾದೋಲ್’ ಎಂದೇ ಉಳಿದಿದೆ, ಏಕವಚನದಲ್ಲಿ. ಅದು ಮಾತುಗಳದ್ದಾಗಿದ್ದರೆ ‘ಹಗ್ಗೆದೋಲೀಮ್’ ಆಗಬೇಕಿತ್ತು. ಆದ್ದರಿಂದ ದೊಡ್ಡವನು ರಾಜ. ಒಂದು ಕಡೆ ಎರಡರ್ಥ ಕೊಡುವ ಸಾಲು ಇನ್ನೊಂದು ಕಡೆ ತಾನೇ ಬಿಡಿಸಿಕೊಂಡಿದೆ. ಅರಸುಗಳು, ಪೂರ್ವಕಾಲವೃತ್ತಾಂತ, ಯೆಶಾಯ, ಯೆರೆಮೀಯ ಇವುಗಳಲ್ಲಿ ಒಂದೇ ಪ್ರಸಂಗ ಎರಡು ಕಡೆ ಇರುವುದುಂಟು. ಗೊಂದಲವಾದಾಗ ಅದರ ಜೊತೆಗಾರ ಸಾಲು ಇದೆಯಾ ಎಂದು ಮೊದಲು ನೋಡಿ.

ಅಕ್ಷರಗಳ ಮೇಲೂ ಕೆಳಗೂ ಇರುವ ಚಿಕ್ಕ ಗುರುತುಗಳಿಂದ ಸಹಾಯ ಆಗುತ್ತದಾ?

ಆಗುತ್ತದೆ. ಸ್ವರ ತೋರಿಸುವ ಚುಕ್ಕೆಗಳ ಜೊತೆಗೆ ‘ಟೆಅಮೀಮ್’ ಎಂಬ ಗುರುತುಗಳಿವೆ. ಸಿನಗಾಗ್‌ನಲ್ಲಿ ಬೈಬಲನ್ನು ರಾಗವಾಗಿ ಓದಲು ಇವು ಬೇಕು. ಜೊತೆಗೆ ಎಲ್ಲಿ ಪದಗಳನ್ನು ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂದೂ ಇವು ತೋರಿಸುತ್ತವೆ. ‘ಮೆರ್ಖಾ’ ಕೂಡಿಸುವ ಗುರುತು. ‘ಟಿಪ್ಹಾ’ ಬಿಡಿಸುವ ಗುರುತು. ಟಿಪ್ಹಾ ಇರುವ ಪದದ ನಂತರ ಚಿಕ್ಕದೊಂದು ತಡೆ ಇದೆ ಎಂದುಕೊಳ್ಳಿ.

ಧರ್ಮೋಪದೇಶಕಾಂಡ 11:7ರಲ್ಲಿ ‘ಮಅಸೇ ಯೆಹೋವ ಹಗ್ಗಾದೋಲ್’ ಎಂದಿದೆ. ‘ಯೆಹೋವನ ಮಹಾಕಾರ್ಯ’ ಎನ್ನಬೇಕೋ, ‘ಮಹಾ ಯೆಹೋವನ ಕಾರ್ಯ’ ಎನ್ನಬೇಕೋ? ಗುರುತುಗಳು ಹೀಗಿವೆ: ‘ಮಅಸೇ’ಗೆ ಮೆರ್ಖಾ, ‘ಯೆಹೋವ’ಗೆ ಟಿಪ್ಹಾ. ಅಂದರೆ ‘ಯೆಹೋವನ ಕಾರ್ಯ’ ಒಂದು ಕಟ್ಟು, ‘ದೊಡ್ಡದು’ ಬೇರೆ. ಹೆಸರಿನ ನಂತರ ತಡೆ ಇರುವುದರಿಂದ ವಿಶೇಷಣ ಹೆಸರಿಗೆ ಅಂಟುವುದಿಲ್ಲ, ಇಡೀ ಕಟ್ಟಿಗೆ ಸೇರುತ್ತದೆ. ದೊಡ್ಡದು ಕಾರ್ಯ. ಅದರ ಹಿಂದೆಯೇ ‘ಆತನು ಮಾಡಿದ’ ಎಂದು ಬರುತ್ತದೆ. ಅದೂ ಕಾರ್ಯದ ಮಾತೇ, ಹಾಗಾಗಿ ಸಂದರ್ಭವೂ ಇದನ್ನೇ ಹೇಳುತ್ತದೆ.

ಒಂದು ಮಿತಿಯನ್ನು ನೆನಪಿಡಿ. ಈ ಗುರುತುಗಳು ಮೂಲ ಬರಹಗಾರರವಲ್ಲ. ಹಿಂದಿನಿಂದ ಬಂದ ಓದುವ ರೂಢಿಯನ್ನು ಉಳಿಸಲು ಗಲಿಲಾಯದ ಟಿಬೇರಿಯದ ಪಂಡಿತರು ಇವನ್ನು ಬರೆದಿಟ್ಟರು. ಇವತ್ತು ಅಚ್ಚಾಗುವ ಹಲವು ಪ್ರತಿಗಳಿಗೆ ಆಧಾರವಾದ ಲೆನಿನ್‌ಗ್ರಾಡ್ ಹಸ್ತಪ್ರತಿ 1008ರದ್ದು. ಗುರುತು ಹೇಳುವುದು ಬಹಳ ಹಳೆಯ, ಬಹಳ ಎಚ್ಚರದ ಓದು. ಅದನ್ನು ಹಗುರವಾಗಿ ತಳ್ಳಬಾರದು. ಹಾಗಂತ ಅದೇ ಕೊನೆಯ ಮಾತೂ ಅಲ್ಲ.

ಎಲ್ಲ ಸುಳಿವು ನೋಡಿದರೂ ತೀರ್ಮಾನವಾಗದ ಸಾಲು ಇದೆಯಾ?

ಇದೆ, ತುಂಬ ಪ್ರಸಿದ್ಧವಾದದ್ದು. ಆದಿಕಾಂಡ 10:21. ನೋಹನ ಮಗ ಶೇಮನನ್ನು ಅಲ್ಲಿ ‘ಅಹೀ ಯೆಫೆತ್ ಹಗ್ಗಾದೋಲ್’ ಎಂದು ಕರೆದಿದ್ದಾರೆ. ‘ಅಹೀ’ ಎಂದರೆ ಸಹೋದರ, ಜೋಡಿಯ ರೂಪದಲ್ಲಿ. ಯೆಫೆತ ಅವನ ಒಡಹುಟ್ಟಿದವನು. ‘ಹಗ್ಗಾದೋಲ್’ ಇಲ್ಲಿ ‘ಹಿರಿಯ’. ಈಗ ಹಿರಿಯ ಯಾರು? ‘ಯೆಫೆತನ ಹಿರಿಯ ಸಹೋದರ’ ಎಂದರೆ ಶೇಮ ಅಣ್ಣ. ‘ಹಿರಿಯನಾದ ಯೆಫೆತನ ಸಹೋದರ’ ಎಂದರೆ ಶೇಮ ತಮ್ಮ.

ಲಿಂಗ ನೋಡೋಣ: ಇಬ್ಬರೂ ಗಂಡಸರು. ವಚನ: ಇಬ್ಬರೂ ಒಬ್ಬೊಬ್ಬರೇ. ‘ಹ’ ಇದೆ, ಆದರೆ ಯೆಫೆತ ಎಂಬುದು ಹೆಸರಾದ್ದರಿಂದ ಎರಡು ಓದಿನಲ್ಲೂ ಅದು ಬರಲೇಬೇಕು. ಸಾಲು ಅಲ್ಲಿಗೇ ಮುಗಿಯುತ್ತದೆ, ಮುಂದೆ ಸಹಾಯಕ್ಕೆ ಒಂದು ಪದವೂ ಇಲ್ಲ.

ಗುರುತುಗಳಿಗೆ ಬರೋಣ. ಇಲ್ಲಿ ‘ಅಹೀ’ಗೆ ಟಿಪ್ಹಾ, ‘ಯೆಫೆತ್’ಗೆ ಮೆರ್ಖಾ. ಧರ್ಮೋಪದೇಶಕಾಂಡದ ಸಾಲಿಗೆ ಇದು ಸರಿಯಾಗಿ ತಿರುವುಮುರುವು. ತಡೆ ‘ಸಹೋದರ’ನ ನಂತರ ಬಿದ್ದಿದೆ, ‘ಯೆಫೆತ’ ಮತ್ತು ‘ಹಿರಿಯ’ ಒಂದಾಗಿವೆ. ಟಿಬೇರಿಯದವರ ಓದಿನಲ್ಲಿ ಹಿರಿಯ ಯೆಫೆತನೇ.

ಹಳೆಯ ಅನುವಾದಗಳು? ಗ್ರೀಕಿನಲ್ಲೂ ಲ್ಯಾಟಿನ್‌ನಲ್ಲೂ ವಿಶೇಷಣಕ್ಕೆ ವಿಭಕ್ತಿ ಇದೆ, ಹಾಗಾಗಿ ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ. ಗ್ರೀಕ್ ಸೆಪ್ಟುಅಜಿಂಟ್‌ನಲ್ಲಿ ‘ಹಿರಿಯ’ ಎಂಬುದು ಷಷ್ಠಿಯಲ್ಲಿದೆ, ಅಂದರೆ ಯೆಫೆತನಿಗೆ ಸೇರಿದೆ. ಜೆರೋಮನ ಲ್ಯಾಟಿನ್ ಅನುವಾದದಲ್ಲಿ ಅದು ‘ಸಹೋದರ’ನ ವಿಭಕ್ತಿಯನ್ನೇ ತೊಟ್ಟಿದೆ, ಅಂದರೆ ಶೇಮನೇ ಹಿರಿಯ. ಒಂದೇ ಸಾಲನ್ನು ಓದಿದ ಎರಡು ದೊಡ್ಡ ಅನುವಾದಗಳು ಎದುರುಬದುರು ನಿಂತಿವೆ. ಇಂಗ್ಲಿಷ್ ಅನುವಾದಗಳು ಇವತ್ತಿಗೂ ಹೀಗೇ ಎರಡು ಪಂಗಡವಾಗಿವೆ.

11ನೇ ಶತಮಾನದ ಯಹೂದಿ ವ್ಯಾಖ್ಯಾನಕಾರ ರಾಶಿ ಲೆಕ್ಕ ಹಾಕಿ ನೋಡಿದರು. ನೋಹನಿಗೆ 500 ವರ್ಷವಾದಾಗ ಮಕ್ಕಳಾಗಲು ಶುರುವಾಯಿತು, ಇದು ಆದಿಕಾಂಡ 5:32. ಅವನಿಗೆ 600 ಆದಾಗ ಜಲಪ್ರಳಯ ಬಂತು, ಇದು 7:6. ಹಾಗಾದರೆ ಹಿರಿಯ ಮಗನಿಗೆ ಪ್ರಳಯದ ಹೊತ್ತಿಗೆ 100 ಆಗಿರಬೇಕು. ಆದರೆ 11:10 ಹೇಳುವಂತೆ, ಪ್ರಳಯವಾಗಿ ಎರಡು ವರ್ಷದ ಮೇಲೆ ಶೇಮನಿಗೆ 100. ಹಿರಿಯನಾಗಿದ್ದರೆ ಆಗ 102 ಆಗಬೇಕಿತ್ತು. ಆದ್ದರಿಂದ ಶೇಮ ಹಿರಿಯನಲ್ಲ. 9:24ರಲ್ಲಿ ಹಾಮನನ್ನು ಕಿರಿಯ ಮಗ ಎಂದಿರುವುದರಿಂದ ಉಳಿಯುವವನು ಯೆಫೆತ.

ಲೆಕ್ಕ ಚೆಂದವಾಗಿದೆ. ಆದರೆ ಅದು ನಿಂತಿರುವುದು 500 ಎಂಬುದು ಕರಾರುವಾಕ್ಕಾದ ಸಂಖ್ಯೆ ಎಂಬ ನಂಬಿಕೆಯ ಮೇಲೆ. 5:32 ಮೂವರ ಹೆಸರನ್ನೂ ಒಟ್ಟಿಗೆ ಹೇಳುತ್ತದೆ, ಮೂವರೂ ಒಂದೇ ವರ್ಷ ಹುಟ್ಟಿರಲಾರರು. ಆದ್ದರಿಂದ ಅದು ದುಂಡು ಸಂಖ್ಯೆಯೂ ಆಗಿರಬಹುದು. ಇನ್ನು ಮೂವರನ್ನು ಒಟ್ಟಿಗೆ ಹೇಳುವಾಗ ಶೇಮನ ಹೆಸರೇ ಮೊದಲು ಬರುತ್ತದೆ.

ನಾನು ಜಾಸ್ತಿ ತೂಕ ಕೊಡುವುದು ಇದೇ ಅಚ್ಚಿನ ಬೇರೆ ಸಾಲುಗಳಿಗೆ. ನ್ಯಾಯಸ್ಥಾಪಕರು 9:5ರಲ್ಲಿ ‘ಯೋತಾಮ್ ಬೆನ್ ಯೆರುಬ್ಬಅಲ್ ಹಕ್ಕಾಟೋನ್’ ಎಂದಿದೆ: ಯೆರುಬ್ಬಾಳನ ಕಿರಿಯ ಮಗ ಯೋತಾಮ. ‘ಕಿರಿಯ’ ಎಂಬುದು ಹೆಸರಿನ ಪಕ್ಕದಲ್ಲಿದ್ದರೂ ಮಗನದ್ದೇ. ನ್ಯಾಯಸ್ಥಾಪಕರು 1:13 ಇನ್ನೂ ಹತ್ತಿರದ್ದು: ‘ಅಹೀ ಕಾಲೇಬ್ ಹಕ್ಕಾಟೋನ್ ಮಿಮ್ಮೆನ್ನೂ’. ಸಹೋದರ, ಹೆಸರು, ವಿಶೇಷಣ, ಅದೇ ಕ್ರಮ. ಕೊನೆಯ ಪದ ‘ಅವನಿಗಿಂತ’ ಎಂದು ಬಿಡಿಸಿ ಹೇಳಿಬಿಡುತ್ತದೆ: ಕಾಲೇಬನಿಗಿಂತ ಚಿಕ್ಕವನಾದ ಸಹೋದರ. ಒಬ್ಬರ ಹೆಸರು ಹೇಳಿದ ಮೇಲೆ ಅವರು ಯಾರೆಂದು ಗುರುತಿಸಲು ವಿಶೇಷಣದ ಅಗತ್ಯ ಕಡಿಮೆ. ‘ಸಹೋದರ’, ‘ಮಗ’ ಎಂಬ ಪದಗಳಿಗೆ ಆ ಅಗತ್ಯ ಇದೆ, ಏಕೆಂದರೆ ಮಕ್ಕಳು ಹಲವರು. ಅದಕ್ಕೇ ನನ್ನ ಒಲವು ಶೇಮನೇ ಅಣ್ಣ ಎಂಬ ಕಡೆಗೆ. ಟಿಪ್ಹಾ ಎದುರಿಗೆ ನಿಂತಿದೆ ಎಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ. ಬೇರೆ ಕಡೆ ವಾಲುವವರಿಗೂ ಗಟ್ಟಿ ಆಧಾರವಿದೆ.

ಅಂದರೆ ಕೊನೆಯ ಪದ ಹೆಸರಾಗಿದ್ದರೆ ವಿಶೇಷಣ ಮೊದಲ ಪದದ್ದೇ ಎಂದು ನಿಯಮ ಮಾಡಿಕೊಳ್ಳಬಹುದಾ?

ನಿಯಮ ಬೇಡ, ಮೊದಲ ಊಹೆ ಎಂದಿಟ್ಟುಕೊಳ್ಳಿ. ಯೋವೇಲ ಮತ್ತು ಮಲಾಕಿಯನ ಪುಸ್ತಕಗಳಲ್ಲಿ ‘ಯೋಮ್ ಯೆಹೋವ ಹಗ್ಗಾದೋಲ್’ ಬರುವಾಗಲೂ ಊಹೆ ಸರಿಹೋಗುತ್ತದೆ: ಯೆಹೋವನ ಮಹಾದಿನ. ಕೊನೆಯ ಪದ ‘ರಾಜ’, ‘ಪ್ರವಾದಿ’ ಥರದ ಸಾಮಾನ್ಯ ನಾಮಪದವಾದರೆ ಈ ಊಹೆಗೆ ಬಲವಿಲ್ಲ. ರಬ್ಷಾಕೆಯ ಸಾಲಿನಲ್ಲಿ ಅದನ್ನು ನೋಡಿದೆವಲ್ಲ.

ಕನ್ನಡಕ್ಕೆ ತರುವಾಗ ಎರಡರ್ಥವನ್ನು ಹಾಗೇ ಉಳಿಸಬಹುದಾ?

ಕೆಲವು ಕಡೆ ಆಗುತ್ತದೆ. ‘ದೊಡ್ಡ ರಾಜನ ಮಾತು’ ಎಂದರೆ ಹೀಬ್ರೂವಿನಷ್ಟೇ ಗೊಂದಲ ಕನ್ನಡದಲ್ಲೂ ಉಳಿಯುತ್ತದೆ. ಆದರೆ ಕನ್ನಡದ ಓದುಗರು ಅದನ್ನು ಸಹಜವಾಗಿ ‘ದೊಡ್ಡ ರಾಜ’ ಎಂದೇ ಓದುತ್ತಾರೆ, ಪಕ್ಕದ ಪದ ಅದೇ ತಾನೆ. ಹೀಬ್ರೂವಿನಲ್ಲಿ ಎರಡು ಓದು ಸಮಸಮ ಇದ್ದರೂ ಕನ್ನಡ ಒಂದು ಕಡೆ ವಾಲಿಬಿಡುತ್ತದೆ. ಮೊದಲ ಪದಕ್ಕೆ ಸೇರಿದ್ದು ಎಂದು ನಿಮಗೆ ಖಾತ್ರಿ ಇದ್ದರೆ ‘ಚಿನ್ನದ ದೊಡ್ಡ ಕಿರೀಟ’ ಎಂಬಂತೆ ವಿಶೇಷಣವನ್ನು ನಡುವೆ ಇಡಿ. ‘ದೊಡ್ಡ ಚಿನ್ನದ ಕಿರೀಟ’ ಎಂದರೂ ಅರ್ಥವಾಗುತ್ತದೆ, ಏಕೆಂದರೆ ದೊಡ್ಡ ಚಿನ್ನ ಎಂದು ಯಾರೂ ಹೇಳುವುದಿಲ್ಲ. ಆದರೆ ‘ದೊಡ್ಡ ಇಷಯನ ಮಕ್ಕಳು’ ಎಂದರೆ ಕೆಟ್ಟುಹೋಯಿತು.

ಶೇಮನ ಸಾಲಿನಲ್ಲಿ ಕನ್ನಡದ ಕಷ್ಟವೇ ಬೇರೆ. ನಾವು ಮನೆಮಾತಿನಲ್ಲಿ ‘ಸಹೋದರ’ ಎನ್ನುವುದಿಲ್ಲ, ಅಣ್ಣ ಅಥವಾ ತಮ್ಮ ಎನ್ನುತ್ತೇವೆ. ‘ಯೆಫೆತನ ಅಣ್ಣ’ ಎಂದು ಬರೆದ ತಕ್ಷಣ ವಾದ ಮುಗಿದುಹೋಗುತ್ತದೆ, ವಿಶೇಷಣವೂ ಬೇಕಾಗುವುದಿಲ್ಲ. ಓದುಗರಿಗೆ ಅಲ್ಲೊಂದು ಪ್ರಶ್ನೆ ಇತ್ತೆಂಬುದೇ ಗೊತ್ತಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥ ಕಡೆ ಒಂದು ಓದನ್ನು ಸಾಲಿನಲ್ಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಕೊಡುವುದೇ ಸರಿ.

ಅರಬ್ಬಿಯಲ್ಲೂ ಇದೇ ತೊಂದರೆ ಇದೆಯಾ?

ಜೋಡಿ ಅಲ್ಲೂ ಇದೆ, ಹೆಸರು ‘ಇದಾಫ’. ವಿಶೇಷಣ ಅಲ್ಲೂ ಜೋಡಿಯ ಕೊನೆಗೇ ಬರುತ್ತದೆ. ಆದರೆ ಶಾಸ್ತ್ರೀಯ ಅರಬ್ಬಿಯಲ್ಲಿ ವಿಭಕ್ತಿ ಉಳಿದಿದೆ. ಜೋಡಿಯ ಎರಡನೇ ಪದ ಯಾವಾಗಲೂ ಷಷ್ಠಿಯಲ್ಲಿರುತ್ತದೆ. ಮೊದಲ ಪದ ಪ್ರಥಮೆಯಲ್ಲಿದ್ದರೆ ವಿಶೇಷಣದ ಕೊನೆಯ ಸ್ವರವೇ ಉತ್ತರ ಕೊಡುತ್ತದೆ: ‘ಉ’ ಬಂದರೆ ಮೊದಲ ಪದದ್ದು, ‘ಇ’ ಬಂದರೆ ಎರಡನೆಯದ್ದು.

ಕುರ್‌ಆನಿನ 55ನೇ ಸೂರಾ ಅರ್‌ರಹ್ಮಾನ್‌ನಲ್ಲಿ ಇದನ್ನು ಪಕ್ಕಪಕ್ಕದಲ್ಲಿ ನೋಡಬಹುದು. 27ನೇ ವಾಕ್ಯದಲ್ಲಿ ‘ವಜ್ಹು ರಬ್ಬಿಕ ಝುಲ್ ಜಲಾಲಿ’ ಎಂದಿದೆ, ‘ಉಳ್ಳ’ ಎಂಬರ್ಥದ ‘ಝೂ’ ಪ್ರಥಮೆ: ಮಹಿಮೆಯುಳ್ಳದ್ದು ಪ್ರಭುವಿನ ಮುಖ. 78ನೇ ವಾಕ್ಯದಲ್ಲಿ ‘ಇಸ್ಮು ರಬ್ಬಿಕ ಝಿಲ್ ಜಲಾಲಿ’ ಎಂದಿದೆ, ‘ಝೀ’ ಷಷ್ಠಿ: ಇಲ್ಲಿ ಮಹಿಮೆ ಹೆಸರಿಗಲ್ಲ, ಪ್ರಭುವಿಗೆ. ಕುರ್‌ಆನ್ ಓದುವ ಮಾನ್ಯ ಪರಂಪರೆಗಳಲ್ಲಿ ಒಂದಾದ ಹಫ್ಸ್ ಪಾಠದಲ್ಲಿ ಹೀಗಿದೆ. ನಮ್ಮ ಕಡೆ ಮದ್ರಸಗಳಲ್ಲಿ ಕಲಿಸುವುದು ಸಾಮಾನ್ಯವಾಗಿ ಇದನ್ನೇ.

ವಿಭಕ್ತಿ ಇದ್ದರೂ ಎಲ್ಲ ಮುಗಿಯಿತು ಎಂದಲ್ಲ. 85:15ರಲ್ಲಿ ‘ಝುಲ್ ಅರ್ಶಿಲ್ ಮಜೀದ್’ ಎಂದಿದೆ: ಸಿಂಹಾಸನದ ಒಡೆಯ, ಮತ್ತು ‘ಘನವಾದ’ ಎಂಬ ವಿಶೇಷಣ. ಹಫ್ಸ್ ಪಾಠ ‘ಮಜೀದು’, ಅಂದರೆ ಘನತೆ ಒಡೆಯನದು. ಹಂಝಾ ಮತ್ತು ಕಿಸಾಈ ಎಂಬ ಪಾಠಗಳು ‘ಮಜೀದಿ’, ಅಂದರೆ ಘನತೆ ಸಿಂಹಾಸನದ್ದು. ಎರಡೂ ಮಾನ್ಯ ಪಾಠಗಳೇ. ವಾಕ್ಯದ ಕೊನೆಯಲ್ಲಿ ನಿಲ್ಲಿಸಿ ಓದುವಾಗ ಕೊನೆಯ ಸ್ವರ ಬಿಟ್ಟುಹೋಗುತ್ತದೆ, ಎರಡೂ ‘ಮಜೀದ್’ ಎಂದೇ ಕೇಳಿಸುತ್ತವೆ. ಹೀಬ್ರೂ ತನ್ನ ವಿಭಕ್ತಿಯ ಸ್ವರಗಳನ್ನು ಬಹಳ ಹಿಂದೆಯೇ ಕಳೆದುಕೊಂಡಿತು. ಅದಕ್ಕೇ ಅರಬ್ಬಿಯಲ್ಲಿ ಒಂದು ಸ್ವರ ಮಾಡುವ ಕೆಲಸಕ್ಕೆ ಹೀಬ್ರೂವಿನಲ್ಲಿ ನಾವು ಇಷ್ಟೆಲ್ಲ ಹುಡುಕಾಡಬೇಕು.

ಇವತ್ತು ಇಸ್ರೇಲಿನಲ್ಲಿ ಮಾತಾಡುವವರು ಏನು ಮಾಡುತ್ತಾರೆ?

ಅವರಿಗೆ ‘ಶೆಲ್’ ಎಂಬ ಪದ ಇದೆ, ನಮ್ಮ ‘-ಅ’, ‘-ಇನ’ ಪ್ರತ್ಯಯಗಳ ಕೆಲಸ ಮಾಡುತ್ತದೆ. ‘ಹಬೆನ್ ಹಗಾದೋಲ್ ಶೆಲ್ ಹಮೆಲೆಖ್’ ಎಂದರೆ ರಾಜನ ದೊಡ್ಡ ಮಗ. ‘ಹಬೆನ್ ಶೆಲ್ ಹಮೆಲೆಖ್ ಹಗಾದೋಲ್’ ಎಂದರೆ ಸಾಮಾನ್ಯವಾಗಿ ದೊಡ್ಡ ರಾಜನ ಮಗ. ಸ್ಮಿಖೂತ್ ಈಗಲೂ ಬಳಕೆಯಲ್ಲಿದೆ, ಸುದ್ದಿಪತ್ರಿಕೆ ಮತ್ತು ಕಚೇರಿ ಬರಹದಲ್ಲಿ ಜಾಸ್ತಿ. ಅಲ್ಲಿ ಎರಡೂ ಪದ ಒಂದೇ ಲಿಂಗ, ಒಂದೇ ವಚನವಾಗಿ ಸಿಕ್ಕಿಕೊಂಡರೆ ಬರೆಯುವವರು ‘ಶೆಲ್’ ಹಾಕಿ ಬಿಡಿಸಿ ಬರೆಯಬಹುದು.